ಮನೆ ಒಂದು, ಪಾಲು ಮೂರು: ಬೆಲೆ ಕಾಗದ ಕೈಯಲ್ಲಿಟ್ಟುಕೊಂಡು ಯಾವ ದಾರಿ ಹಿಡಿಯಬೇಕು?

ಅಪ್ಪ ಅಮ್ಮ ಬಿಟ್ಟುಹೋದ ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ಸಾಮಾನ್ಯವಾಗಿ ಮೊದಲೇ ತೀರ್ಮಾನವಾಗಿರುತ್ತದೆ. ವಿಲ್ ಇದ್ದರೆ ಅದು ಹೇಳುತ್ತದೆ, ಇಲ್ಲದಿದ್ದರೆ ಆಯಾ ಕಡೆಯ ಕಾನೂನು ಹೇಳುತ್ತದೆ. ಅಸಲಿ ಕಷ್ಟ ಶುರುವಾಗುವುದು ಅದಾದ ಮೇಲೆ. ಬ್ಯಾಂಕಿನ ಹಣವನ್ನು ಮೂರು ಪಾಲು ಮಾಡಬಹುದು. ಚಿನ್ನವನ್ನೂ ಹೇಗೋ ಮಾಡಬಹುದು. ಮನೆಯನ್ನು ಮಾಡಲಾಗುವುದಿಲ್ಲ. ಸಾಲವನ್ನಂತೂ ಯಾರೂ ಕೈಚಾಚಿ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ನಾಲ್ಕು ದಾರಿಗಳನ್ನು ಒಂದೇ ಲೆಕ್ಕದ ಮೇಲೆ ಇಟ್ಟು ನೋಡೋಣ. ಮೂವರು ಒಡಹುಟ್ಟಿದವರು: ಅಕ್ಕ, ನಡುವಿನ ತಮ್ಮ, ಕೊನೆಯ ತಂಗಿ. ಮೂವರಿಗೂ ಸಮಪಾಲು. ಮನೆಯ ಬೆಲೆ 90 ಲಕ್ಷ, ಚಿನ್ನ 22 ಲಕ್ಷ, ಬ್ಯಾಂಕಿನಲ್ಲಿ ಖಾತೆ ಮತ್ತು ಠೇವಣಿ ಸೇರಿ 26 ಲಕ್ಷ. ಮನೆ ಸಾಲ ಇನ್ನೂ 14 ಲಕ್ಷ ಬಾಕಿ. ಒಂದಷ್ಟು ಒಡವೆ ಅಡವಿಟ್ಟು ತಂದ ಸಾಲ 4 ಲಕ್ಷ. ಒಟ್ಟು ಆಸ್ತಿ 138, ಸಾಲ 18, ಉಳಿಯುವುದು 120 ಲಕ್ಷ. ತಲಾ 40.

ದಾರಿ ಆರಿಸುವ ಮುಂಚೆ ಕಾಗದ ಸರಿಮಾಡಿ

ಮೇಲಿನ ಅಂಕಿಗಳು ಇಷ್ಟು ಸಲೀಸಾಗಿ ಸಿಗುವುದಿಲ್ಲ. ಕೈಗೆ ಬರುವ ಕಾಗದಗಳು ಬೇರೆ ಬೇರೆ ದಿನದವು. ಮನೆಯದು ಎಂಟು ತಿಂಗಳ ಹಿಂದಿನ ರಿಪೋರ್ಟು, ಚಿನ್ನಕ್ಕೆ ಇವತ್ತಿನ ದರ, ಬ್ಯಾಂಕಿನ ಬಾಕಿ ಅಪ್ಪ ತೀರಿಕೊಂಡ ದಿನದ್ದು, ಸಾಲದ ಬಾಕಿ ಹೋದ ತಿಂಗಳದ್ದು. ಇವನ್ನು ಹಾಗೇ ಕೂಡಿಸಿದರೆ ಬರುವ ಮೊತ್ತ ಯಾವ ದಿನದ ಆಸ್ತಿಯೂ ಅಲ್ಲ. ಅದಕ್ಕೇ ಮೊದಲು ಮೂವರೂ ಒಪ್ಪಿ ಒಂದು ಲೆಕ್ಕದ ದಿನ ಗೊತ್ತುಮಾಡಿ. ಎಲ್ಲ ಕಾಗದವನ್ನೂ ಆ ದಿನಕ್ಕೆ ತನ್ನಿ. ಠೇವಣಿಗೆ ಆ ದಿನದವರೆಗಿನ ಬಡ್ಡಿ ಸೇರಬೇಕು, ಸಾಲಕ್ಕೂ ಸೇರಬೇಕು. ತೀರಿಕೊಂಡ ದಿನದಿಂದ ಲೆಕ್ಕದ ದಿನದವರೆಗೆ ಯಾರಾದರೂ ತಮ್ಮ ಕೈಯಿಂದ ಸಾಲದ ಕಂತು ಕಟ್ಟಿದ್ದರೆ, ಆ ಹಣ ಆಸ್ತಿ ಅವರಿಗೆ ಕೊಡಬೇಕಾದ ಬಾಕಿ. ಪಾಲು ಮಾಡುವ ಮುಂಚೆ ಅದನ್ನು ಅವರಿಗೆ ವಾಪಸ್ ಕೊಡಬೇಕು. ಹಾಗೇ ಖಾತೆಯಿಂದ ಯಾರಾದರೂ ಹಣ ತೆಗೆದಿದ್ದರೆ ಅದೂ ಲೆಕ್ಕಕ್ಕೆ ಬರಬೇಕು.

ಮನೆಯ ಕಾಗದದಲ್ಲಿ ನೋಡಬೇಕಾದದ್ದು, ಆ ಬೆಲೆ ಯಾತಕ್ಕಾಗಿ ಹಾಕಿದ್ದು ಎಂಬುದು. ತೆರಿಗೆ ಲೆಕ್ಕಕ್ಕೆ ಇಟ್ಟ ಬೆಲೆ ಬೇರೆ, ಸಾಲ ಕೊಡಲು ಬ್ಯಾಂಕು ಹಾಕಿಸಿದ ಬೆಲೆ ಬೇರೆ, ಆತುರದಲ್ಲಿ ಮಾರಿದರೆ ಸಿಗುವ ಬೆಲೆ ಬೇರೆ, ಮಾರುಕಟ್ಟೆ ಬೆಲೆ ಬೇರೆ. ಒಂದೇ ರಿಪೋರ್ಟಿನಲ್ಲಿ ಇದರಲ್ಲಿ ಎರಡು ಮೂರು ಬೆಲೆಗಳು ಇರಬಹುದು. ಪಾಲಿಗೆ ಬೇಕಾದದ್ದು ಮಾರುಕಟ್ಟೆ ಬೆಲೆ. ಕೊಳ್ಳುವವರಿಗೂ ಮಾರುವವರಿಗೂ ಆತುರವಿಲ್ಲದಿದ್ದಾಗ ಕುದುರುವ ಬೆಲೆ ಅದು.

ಅತಿ ಹೆಚ್ಚು ತಪ್ಪಾಗುವುದು ಚಿನ್ನದಲ್ಲಿ. ಒಂದು ಕಲ್ಲಿನ ಹಾರ ತಗೊಳ್ಳಿ. ತಕ್ಕಡಿಯಲ್ಲಿ 62 ಗ್ರಾಂ ತೂಗುತ್ತದೆ. ಅದರಲ್ಲಿ ಕಲ್ಲು, ಅರಗು, ದಾರ ಸೇರಿ 14 ಗ್ರಾಂ. ಉಳಿದ 48 ಗ್ರಾಂ ಮಾತ್ರ ಚಿನ್ನ, ಅದೂ 22 ಕ್ಯಾರೆಟ್. ಅಂದರೆ 24 ಭಾಗದಲ್ಲಿ 22 ಭಾಗ ಅಪ್ಪಟ ಚಿನ್ನ. ಅಪ್ಪಟ ಚಿನ್ನದ ದರ ಗ್ರಾಂಗೆ 9,600 ಎಂದು ಇಟ್ಟುಕೊಂಡರೆ 22 ಕ್ಯಾರೆಟ್‌ಗೆ 8,800 ಆಗುತ್ತದೆ. ಹಾರದ ಬೆಲೆ 48 ಗುಣಿಸು 8,800, ಅಂದರೆ 4,22,400. ಇದನ್ನೇ ಒಟ್ಟು ತೂಕಕ್ಕೆ ಅಪ್ಪಟ ಚಿನ್ನದ ದರ ಹಾಕಿ ಲೆಕ್ಕ ಮಾಡಿದರೆ 5,95,200 ಬರುತ್ತದೆ. ಒಂದೇ ಹಾರದಲ್ಲಿ 1,72,800 ವ್ಯತ್ಯಾಸ. ಆ ಹಾರ ತಂಗಿಯ ಪಾಲಿಗೆ ಬಂದರೆ, ಇಲ್ಲದ ಚಿನ್ನಕ್ಕೆ ಅವಳ ಪಾಲಿನಿಂದ ಹಣ ಕಡಿತವಾಯಿತು ಎಂದೇ ಲೆಕ್ಕ. ಕಲ್ಲು ಬೆಲೆಬಾಳುವಂಥದ್ದಾದರೆ ಅದಕ್ಕೆ ಬೇರೆ ಬೆಲೆ ಹಾಕಿಸಿ. ಮಾಮೂಲಿ ಕಲ್ಲಾದರೆ ಬಿಟ್ಟುಬಿಡಿ. ಮಾಡಿಸಿದ ಕೂಲಿ ಲೆಕ್ಕಕ್ಕೆ ಬರುವುದಿಲ್ಲ, ಮಾರಲು ಹೋದರೆ ಅದು ವಾಪಸ್ ಸಿಗುವುದಿಲ್ಲ.

ಆದ್ದರಿಂದ ಒಡವೆ ಪಟ್ಟಿಯಲ್ಲಿ ಪ್ರತಿ ಒಡವೆಗೂ ಒಂದು ಸಾಲು ಇರಲಿ: ಒಟ್ಟು ತೂಕ, ಕಳೆದ ತೂಕ, ನಿವ್ವಳ ತೂಕ, ಕ್ಯಾರೆಟ್. "ಒಡವೆಗಳು, ಸುಮಾರು 270 ಗ್ರಾಂ" ಎಂದು ಒಂದೇ ಸಾಲಿನಲ್ಲಿ ಬರೆದ ಕಾಗದವನ್ನು ಒಪ್ಪಬೇಡಿ. ನಮ್ಮ ಲೆಕ್ಕದಲ್ಲಿ 270 ಗ್ರಾಂ ಒಟ್ಟು ತೂಕ, 250 ಗ್ರಾಂ ನಿವ್ವಳ. 22 ಲಕ್ಷ ಬಂದದ್ದು ಈ 250ಕ್ಕೆ.

ಮೊದಲ ದಾರಿ: ಎಲ್ಲ ಮಾರಿ ಹಣ ಹಂಚಿಕೊಳ್ಳುವುದು

ಯಾರಿಗೂ ಮನೆ ಬೇಡವಾದರೆ ಇದಕ್ಕಿಂತ ನೇರ ದಾರಿ ಇಲ್ಲ. ಬೆಲೆ ಎಷ್ಟು ಎಂಬ ವಾದವೇ ಇರುವುದಿಲ್ಲ, ಹೊರಗಿನವರು ಕೊಟ್ಟದ್ದೇ ಬೆಲೆ. ಸಾಲ ತೀರಿಸಿ ಉಳಿದದ್ದನ್ನು ಮೂರು ಭಾಗ ಮಾಡಿದರೆ ಮುಗಿಯಿತು.

ಇದಕ್ಕೂ ಖರ್ಚಿದೆ. ಮನೆ 90ಕ್ಕೇ ಹೋಯಿತು, ದಲ್ಲಾಳಿ, ಕಾಗದಪತ್ರ, ತೆರಿಗೆ ಎಂದು 4 ಲಕ್ಷ ಹೋಯಿತು ಎಂದುಕೊಳ್ಳಿ. ತಲಾ 40ರ ಬದಲು 38 ಲಕ್ಷ 67 ಸಾವಿರ ಸಿಗುತ್ತದೆ. ಆತುರಕ್ಕೆ ಬಿದ್ದು 81ಕ್ಕೆ ಕೊಟ್ಟರೆ 35 ಲಕ್ಷ 67 ಸಾವಿರಕ್ಕೆ ಇಳಿಯುತ್ತದೆ. ಮೂವರಲ್ಲಿ ಒಬ್ಬರಿಗೆ ಮಾತ್ರ ಹಣದ ಅವಸರ ಇದ್ದಾಗ ಈ ನಷ್ಟ ಮೂವರ ಮೇಲೂ ಬೀಳುತ್ತದೆ. ಅಂಥಾಗ ಬ್ಯಾಂಕಿನ ಹಣದಲ್ಲಿ ಅವರಿಗೆ ಮುಂಗಡ ಕೊಟ್ಟು, ಮನೆ ನಿಧಾನವಾಗಿ ಮಾರುವುದು ಜಾಣತನ. ಮುಂಗಡವನ್ನು ಆಮೇಲೆ ಅವರ ಪಾಲಿನಲ್ಲಿ ಕಳೆದರಾಯಿತು.

ಎರಡನೇ ದಾರಿ: ಒಬ್ಬರು ಮನೆ ಇಟ್ಟುಕೊಂಡು ಉಳಿದವರಿಗೆ ಹಣ ಕೊಡುವುದು

ಹೆಚ್ಚಿನವರು ಮೊದಲು ಯೋಚಿಸುವುದು ಇದನ್ನೇ. ತಮ್ಮನಿಗೆ ಮನೆ ಬೇಕು ಎಂದುಕೊಳ್ಳೋಣ. 90 ಲಕ್ಷದ ಮನೆ, ಜೊತೆಗೆ ಅದರ 14 ಲಕ್ಷದ ಸಾಲ ಅವನ ಹೆಗಲಿಗೆ. ನಿವ್ವಳ 76. ಅವನ ಪಾಲು 40, ಹಾಗಾಗಿ 36 ಲಕ್ಷ ಅವನು ಹೊರಗೆ ಕೊಡಬೇಕು.

ಉಳಿದದ್ದು ಚಿನ್ನ ಮತ್ತು ಬ್ಯಾಂಕಿನ ಹಣ. ಮೊದಲು ಬ್ಯಾಂಕಿನ 26ರಲ್ಲಿ 4 ಕಟ್ಟಿ ಅಡವಿಟ್ಟ ಒಡವೆ ಬಿಡಿಸಿ. ಬಿಡಿಸದೆ ಹಂಚಿದರೆ ಯಾರಿಗೆ ಆ ಒಡವೆ ಹೋಗುತ್ತದೋ ಅವರಿಗೆ ಸಾಲವೂ ಅಂಟಿಕೊಂಡು ಹೋಗುತ್ತದೆ. ಈಗ ಚಿನ್ನ 22, ಹಣ 22. ಅಕ್ಕ ಚಿನ್ನ ತಗೊಂಡು ತಂಗಿ ಹಣ ತಗೊಂಡರೆ, ಇಬ್ಬರಿಗೂ ತಮ್ಮ 18 ಲಕ್ಷ ಕೊಡಬೇಕು. ಮೂವರಿಗೂ 40 ಆಯಿತು. ಇಬ್ಬರಿಗೂ ಒಡವೆ ಬೇಕಾದರೆ ಸರದಿಯ ಮೇಲೆ ಒಂದೊಂದೇ ಆರಿಸಲಿ. ಕೊನೆಗೆ ನಿವ್ವಳ ಗ್ರಾಂ ಲೆಕ್ಕದಲ್ಲಿ ಬಂದ ವ್ಯತ್ಯಾಸವನ್ನು ಹಣದಲ್ಲಿ ಸರಿಮಾಡಿಕೊಳ್ಳಬಹುದು.

ಕಾಗದದ ಮೇಲೆ ಚೊಕ್ಕವಾಗಿಯೇ ಇದೆ. ಎಡವುವ ಜಾಗ ಮೂರು.

ಒಂದು, ಮನೆಯ ಬೆಲೆ. ಒಬ್ಬ ವ್ಯಾಲ್ಯುವರ್ 84 ಅಂದರು, ಇನ್ನೊಬ್ಬರು 96 ಅಂದರು ಎಂದುಕೊಳ್ಳಿ. ನಾವು ನಡುವಿನ 90 ಹಿಡಿದೆವು. 84 ಹಿಡಿದಿದ್ದರೆ ತಮ್ಮ ಕೊಡಬೇಕಾದದ್ದು ತಲಾ 16, 96 ಹಿಡಿದಿದ್ದರೆ ತಲಾ 20. ಎರಡು ರಿಪೋರ್ಟಿನ ನಡುವೆ ಒಬ್ಬೊಬ್ಬ ಅಕ್ಕತಂಗಿಗೂ 4 ಲಕ್ಷದ ವ್ಯತ್ಯಾಸ ಬಿತ್ತು. ಮನೆ ತಗೊಳ್ಳುವವರಿಗೆ ಬೆಲೆ ಕಡಿಮೆ ಬೇಕು, ಬಿಟ್ಟುಕೊಡುವವರಿಗೆ ಜಾಸ್ತಿ ಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. ಅದಕ್ಕೇ ವ್ಯಾಲ್ಯುವರನ್ನು ಮನೆ ಬೇಕೆನ್ನುವವರೊಬ್ಬರೇ ಆರಿಸಿ ಕರೆತರುವುದು ಬೇಡ. ಇಬ್ಬರಿಂದ ಬರೆಸಿ. ಎರಡು ಬೆಲೆಗಳು ಇಷ್ಟಕ್ಕಿಂತ ದೂರ ಇದ್ದರೆ ಮೂರನೆಯವರನ್ನು ಕರೆಸುತ್ತೇವೆ ಎಂದು ಮೊದಲೇ ಒಪ್ಪಿಕೊಳ್ಳಿ. ರಿಪೋರ್ಟು ಕೈಗೆ ಬಂದ ಮೇಲೆ ನಿಯಮ ಮಾಡಲು ಕೂತರೆ ಪ್ರತಿಯೊಬ್ಬರೂ ತಮಗೆ ಲಾಭವಾಗುವ ನಿಯಮವನ್ನೇ ಹೇಳುತ್ತಾರೆ.

ಎರಡು, ಹಣ ಯಾವಾಗ ಬರುತ್ತದೆ ಎಂಬುದು. "ಮೂರು ವರ್ಷದಲ್ಲಿ ಕೊಡ್ತೀನಿ, ವರ್ಷಕ್ಕೆ 6 ಲಕ್ಷ" ಎಂದು ತಮ್ಮ ಹೇಳಿದರೆ ಮೊತ್ತ 18 ಲಕ್ಷವೇ ಆಗುತ್ತದೆ. ಆದರೆ ಠೇವಣಿಗೆ ವರ್ಷಕ್ಕೆ ಶೇ. 7 ಬಡ್ಡಿ ಸಿಗುತ್ತದೆ ಎಂದಿಟ್ಟುಕೊಂಡರೆ, ಹೀಗೆ ವರ್ಷದ ಕೊನೆಗೊಮ್ಮೆ ಬರುವ 18 ಲಕ್ಷಕ್ಕೆ ಇವತ್ತಿನ ಬೆಲೆ 15 ಲಕ್ಷ 75 ಸಾವಿರದಷ್ಟೇ. ಅಕ್ಕನಿಗೂ ತಂಗಿಗೂ ತಲಾ ಎರಡೂಕಾಲು ಲಕ್ಷ ಸದ್ದಿಲ್ಲದೆ ಕಡಿಮೆಯಾಯಿತು. ಕಂತಿಗೆ ಒಪ್ಪುವುದಾದರೆ ಬಡ್ಡಿ ಸೇರಿಸಿ ಬರೆಯಿರಿ: ಮೊದಲ ವರ್ಷ 7.26, ಎರಡನೇ ವರ್ಷ 6.84, ಮೂರನೇ ವರ್ಷ 6.42 ಲಕ್ಷ. ಒಡಹುಟ್ಟಿದವರ ಹತ್ತಿರ ಬಡ್ಡಿ ಕೇಳುವುದು ಹೇಗೆ ಎಂದು ಸಂಕೋಚಪಡುವವರು ಬಹಳ. ಬೇಡವೆಂದು ಮನಸಾರೆ ಬಿಟ್ಟುಕೊಟ್ಟರೆ ಸಂತೋಷ. ಎಷ್ಟು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದುಕೊಂಡು ಬಿಡಬೇಕು ಅಷ್ಟೇ.

ಮೂರು, ಮನೆ ಸಾಲ. ತಮ್ಮ ಸಾಲ ಹೊತ್ತುಕೊಂಡ ಎಂದು ಮೂವರು ಬರೆದುಕೊಂಡ ಮಾತ್ರಕ್ಕೆ ಸಾಲ ಕೊಟ್ಟವರು ಅದನ್ನು ಒಪ್ಪಬೇಕೆಂದಿಲ್ಲ. ಸಾಲ ಅವನ ಹೆಸರಿಗೆ ಬದಲಾಗಬೇಕು, ಇಲ್ಲವೇ ತೀರಬೇಕು. ಎರಡೂ ಆಗದೆ ಅಕ್ಕತಂಗಿಯರು ಮನೆಯ ಹಕ್ಕು ಬಿಟ್ಟುಕೊಡಬಾರದು. ಅವನು ಕಂತು ನಿಲ್ಲಿಸಿದರೆ ಸಾಲ ಕೊಟ್ಟವರು ಇವರ ಬಾಗಿಲಿಗೂ ಬರಬಹುದು. ಸಾಲ ಬದಲಾಗಲು ತಮ್ಮನ ಸಂಬಳ ಸಾಕಾಗುತ್ತದೋ ಇಲ್ಲವೋ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ. ಅವನು 14 ಲಕ್ಷದ ಹಳೆ ಸಾಲದ ಜೊತೆ 36 ಲಕ್ಷವನ್ನೂ ಹೊಂದಿಸಬೇಕು, ಅಂದರೆ ಒಟ್ಟು 50 ಲಕ್ಷದ ಭಾರ. ಅದು ಆಗದ ಮಾತಾದರೆ ಈ ದಾರಿಯನ್ನು ಅಲ್ಲೇ ಕೈಬಿಡುವುದು ಒಳ್ಳೆಯದು.

ಮೂರನೇ ದಾರಿ: ಮನೆಗೆ ನಮ್ಮನಮ್ಮಲ್ಲೇ ಬೆಲೆ ಕೂಗುವುದು

ಮನೆ ಇಬ್ಬರಿಗೆ ಬೇಕಾದಾಗ, ಅಥವಾ ರಿಪೋರ್ಟಿನ ಬೆಲೆಯನ್ನು ಯಾರೂ ನಂಬದಿದ್ದಾಗ ಎರಡನೇ ದಾರಿ ನಿಂತುಹೋಗುತ್ತದೆ. ಆಗ ಕೆಲಸಕ್ಕೆ ಬರುವುದು ಮುಚ್ಚಿದ ಲಕೋಟೆಯ ವಿಧಾನ. ಇದನ್ನು ರೂಪಿಸಿದವರು ಪೋಲೆಂಡಿನ ಗಣಿತಜ್ಞ ಬ್ರೋನಿಸ್ವಾಫ್ ಕ್ನಾಸ್ಟರ್. ಅದೇ ದೇಶದ ಗಣಿತಜ್ಞ ಹ್ಯೂಗೊ ಸ್ಟೈನ್‌ಹೌಸ್ 1948ರಲ್ಲಿ ಇದರ ಬಗ್ಗೆ ಬರೆದರು.

ಮೂವರೂ ಮನೆಗೆ ತಮ್ಮ ಬೆಲೆಯನ್ನು ಗುಟ್ಟಾಗಿ ಬರೆದು ಲಕೋಟೆಯಲ್ಲಿಡುತ್ತಾರೆ. ಅಕ್ಕ 84, ತಮ್ಮ 102, ತಂಗಿ 93 ಬರೆದರು. ಜಾಸ್ತಿ ಬರೆದವರಿಗೆ ಮನೆ. ಈಗ ಪ್ರತಿಯೊಬ್ಬರೂ ಬರೆದ ಬೆಲೆಯ ಮೂರನೇ ಒಂದು ಭಾಗ ಅವರವರ ಕಣ್ಣಿನಲ್ಲಿ ನ್ಯಾಯವಾದ ಪಾಲು: ಅಕ್ಕನಿಗೆ 28, ತಮ್ಮನಿಗೆ 34, ತಂಗಿಗೆ 31. ತಮ್ಮನ ಕೈಗೆ 102ರ ಮನೆ ಬಂತು, ಅವನ ಪಾಲು 34, ಹಾಗಾಗಿ 68 ಲಕ್ಷ ನಡುವೆ ಇಡಬೇಕು. ಅದರಿಂದ ಅಕ್ಕ 28, ತಂಗಿ 31 ತೆಗೆದುಕೊಂಡರೆ 9 ಲಕ್ಷ ಉಳಿಯುತ್ತದೆ. ಅದನ್ನು ಮೂವರೂ 3 ಲಕ್ಷದಂತೆ ಹಂಚಿಕೊಳ್ಳುತ್ತಾರೆ. ಕೊನೆಗೆ ಅಕ್ಕನಿಗೆ 31, ತಂಗಿಗೆ 34. ತಮ್ಮ 65 ಕೊಟ್ಟು ಮನೆ ಇಟ್ಟುಕೊಂಡ. ಪ್ರತಿಯೊಬ್ಬರಿಗೂ ತಾವು ನ್ಯಾಯ ಎಂದುಕೊಂಡದ್ದಕ್ಕಿಂತ 3 ಲಕ್ಷ ಜಾಸ್ತಿಯೇ ಸಿಕ್ಕಿತು. 90ರ ರಿಪೋರ್ಟಿನ ಪ್ರಕಾರ ಅಕ್ಕತಂಗಿಯರಿಗೆ ಮನೆಯಿಂದ ಬರುತ್ತಿದ್ದದ್ದು ತಲಾ 30.

ಸಾಲ, ಚಿನ್ನ, ಬ್ಯಾಂಕಿನ ಹಣವನ್ನು ಇದರೊಳಗೆ ಬೆರೆಸಬೇಡಿ. ಅವುಗಳ ನಿವ್ವಳ 30, ತಲಾ 10, ಅದು ಬೇರೆ ಲೆಕ್ಕ. ಮನೆ ಸಾಲ ತಮ್ಮನ ಹೆಸರಿಗೇ ಹೋಗುವುದಾದರೆ ಅವನು ಕೊಡಬೇಕಾದ 65ರಲ್ಲಿ 14 ಕಳೆದರಾಯಿತು.

ಈ ವಿಧಾನ ನನಗೆ ಇಷ್ಟ, ಆದರೆ ಎರಡು ಎಚ್ಚರಿಕೆ ಬೇಕು. ಅಕ್ಕನಿಗೂ ತಂಗಿಗೂ ಒಂದೇ ಮೊತ್ತ ಬರಲಿಲ್ಲ. ಕಡಿಮೆ ಬರೆದ ಅಕ್ಕನಿಗೆ 3 ಲಕ್ಷ ಕಡಿಮೆ. ಲೆಕ್ಕದ ಪ್ರಕಾರ ಇದು ಸರಿ, ಮನೆಯೊಳಗೆ ಇದು ಕಹಿಯಾಗಬಹುದು. ಇನ್ನೊಂದು, ತಮ್ಮ 102ರ ಹತ್ತಿರ ಬರೆಯುತ್ತಾನೆ ಎಂದು ತಂಗಿಗೆ ಮೊದಲೇ ಗೊತ್ತಿದ್ದರೆ ಅವಳು 101 ಬರೆದು 34ರ ಬದಲು ಸುಮಾರು 35 ಲಕ್ಷ 78 ಸಾವಿರ ಪಡೆಯಬಹುದು. ಅದರಲ್ಲಿ ಅಪಾಯವೂ ಇದೆ. ತಮ್ಮ 100 ಬರೆದುಬಿಟ್ಟರೆ ಬೇಡದ ಮನೆ ತಂಗಿಯ ತಲೆಗೆ ಬರುತ್ತದೆ. ಹಾಗಾಗಿ ಲಕೋಟೆ ತೆರೆದ ಮೇಲೆ ಹಿಂದೆ ಸರಿಯುವಂತಿಲ್ಲ ಎಂಬ ನಿಯಮ ಮೊದಲೇ ಕಾಗದದ ಮೇಲೆ ಇರಲಿ. ಬರೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಬೆಲೆಗೆ ಮನೆ ನನಗೆ ಬಂದರೂ ಸರಿ, ಇದರ ಮೂರನೇ ಒಂದು ಭಾಗ ಹಣವಾಗಿ ಬಂದರೂ ಸರಿ, ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತದೆಯೇ?

ಸಮ ಮೊತ್ತವೇ ಬೇಕು ಅನ್ನುವವರಿಗೆ ಎದುರಾಎದುರು ಹರಾಜು ಮೇಲು. ರಿಪೋರ್ಟಿನ 90ರಿಂದ ಶುರುಮಾಡಿ, ಒಬ್ಬರೇ ಉಳಿಯುವವರೆಗೆ ಏರಿಸಿಕೊಂಡು ಹೋಗಿ. ತಂಗಿ 93ಕ್ಕೆ ನಿಲ್ಲಿಸಿ ತಮ್ಮ 94ಕ್ಕೆ ಗೆದ್ದ ಎಂದರೆ ಮನೆಯ ಬೆಲೆ 94. ಆ ಬೆಲೆಯನ್ನೇ ಎರಡನೇ ದಾರಿಯ ಲೆಕ್ಕಕ್ಕೆ ಹಾಕಿ. ಅಕ್ಕನಿಗೂ ತಂಗಿಗೂ ಮನೆಯಿಂದ ತಲಾ 31 ಲಕ್ಷ 33 ಸಾವಿರ, ಸಮಸಮ. ಇಬ್ಬರಿಗೆ ಮನೆ ಬೇಕಾದ ಕಡೆ ನಾನು ಇದನ್ನೇ ಹೇಳುತ್ತೇನೆ. ಎಲ್ಲರ ಕಣ್ಣೆದುರೇ ನಡೆಯುತ್ತದೆ, ಅರ್ಥ ಮಾಡಿಕೊಳ್ಳಲು ಗಣಿತ ಬೇಕಿಲ್ಲ.

ಆದರೆ ಕೂಗುವ ಯಾವ ವಿಧಾನವೂ ಕೈಯಲ್ಲಿ ಹಣವಿದ್ದವರ ಕಡೆಗೇ ವಾಲುತ್ತದೆ. ಅದೇ ಮನೆಯಲ್ಲಿ ಇದ್ದುಕೊಂಡು ಕೊನೆಯವರೆಗೆ ಅಮ್ಮನನ್ನು ನೋಡಿಕೊಂಡ ಅಕ್ಕನಿಗೆ ಮನೆ ಮೇಲೆ ಎಲ್ಲರಿಗಿಂತ ಆಸೆ ಇರಬಹುದು, ಆದರೆ ಅವಳಿಗೆ ಸಾಲ ಹುಟ್ಟದಿದ್ದರೆ ಅವಳು 84ಕ್ಕಿಂತ ಮೇಲೆ ಬರೆಯಲಾರಳು. ಅಂಥ ಅಕ್ಕ ಇದ್ದಾಗ ಹರಾಜಿಗೆ ಕೂರುವ ಮುಂಚೆ, ಅವಳು ರಿಪೋರ್ಟಿನ ಬೆಲೆಗೆ ಬಡ್ಡಿ ಸಹಿತ ಕಂತಿನಲ್ಲಿ ಕೊಡುವುದಾದರೆ ಉಳಿದಿಬ್ಬರು ಒಪ್ಪುತ್ತಾರೆಯೇ ಎಂದು ಕೇಳಬೇಕು.

ನಾಲ್ಕನೇ ದಾರಿ: ಮನೆ ಮೂವರ ಹೆಸರಲ್ಲೇ ಇರಲಿ

ಈಗ ಬೇಡ, ಆಮೇಲೆ ನೋಡೋಣ ಎನ್ನುವಾಗ ಈ ದಾರಿಗೆ ಬರುತ್ತೇವೆ. ಮನೆಯ ಬೆಲೆ ಏರುತ್ತಿದ್ದರೆ, ಒಳ್ಳೆ ಬಾಡಿಗೆ ಬರುತ್ತಿದ್ದರೆ ಒಂದೆರಡು ವರ್ಷ ಹೀಗಿರುವುದರಲ್ಲಿ ತಪ್ಪಿಲ್ಲ. ಅವಧಿ ಬರೆಯದೆ ಬಿಟ್ಟರೆ ಮುಂದಿನ ತಲೆಮಾರಿಗೆ ಮೂವರ ಜಾಗದಲ್ಲಿ ಎಂಟು ಹತ್ತು ಸಹಿ ಬೇಕಾಗುತ್ತದೆ. ಒಬ್ಬರೇ ಅಲ್ಲಿ ವಾಸವಿದ್ದರೆ ಉಳಿದಿಬ್ಬರ ಪಾಲಿನ ಬಾಡಿಗೆ ಎಷ್ಟು, ರಿಪೇರಿ ಮತ್ತು ಸಾಲದ ಕಂತು ಯಾರದು ಎಂದು ಬರೆಯಬೇಕು. ಇದು ಬರೆಯಲು ಮುಜುಗರ ಅನಿಸಿದರೆ ಈ ದಾರಿಗೆ ಹೋಗಲೇಬೇಡಿ.

ಕೊನೆಯ ಕಾಗದ

ಯಾವ ದಾರಿ ಹಿಡಿದರೂ ಒಪ್ಪಂದದ ಕಾಗದದಲ್ಲಿ "ಸಮನಾಗಿ ಹಂಚಿಕೊಂಡೆವು" ಎಂಬ ಒಂದು ಸಾಲು ಸಾಲದು. ಲೆಕ್ಕದ ದಿನ, ಹಿಡಿದ ಬೆಲೆ, ಯಾವ ರಿಪೋರ್ಟಿನದು, ಒಡವೆ ಪಟ್ಟಿ, ಯಾವ ಸಾಲ ಯಾರ ಪಾಲಿಗೆ, ಯಾರು ಯಾರಿಗೆ ಯಾವ ತಾರೀಖಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಇರಲಿ. ಹಣ ಕೈಗೆ ಬಂದ ಮೇಲೆಯೇ ಹಕ್ಕು ಬಿಡುವ ಸಹಿ ಹಾಕುವುದು ಒಳ್ಳೆಯದು. ಕಂತಾದರೆ ಮನೆಯೇ ಅದಕ್ಕೆ ಭದ್ರತೆಯಾಗಿರಲಿ. ಈ ಕಾಗದವನ್ನು ನೋಂದಾಯಿಸಬೇಕೇ, ಮುಂದೆ ಮಾರಿದಾಗ ಯಾರ ಮೇಲೆ ತೆರಿಗೆ ಬರುತ್ತದೆ ಎಂಬುದನ್ನು ಸಹಿಗೆ ಮುಂಚೆ ವಕೀಲರ ಹತ್ತಿರ ಕೇಳಿ.

ಪಾಲಾದ ಮೇಲೂ ಒಂದು ಹಳೆ ಬಿಲ್ಲು, ಬಾಕಿ ತೆರಿಗೆ, ಅಪ್ಪ ಯಾರಿಗೋ ಕೊಡಬೇಕಿದ್ದ ಕೈಸಾಲ ತಲೆ ಎತ್ತಬಹುದು. ಅದಕ್ಕೆ ಬ್ಯಾಂಕಿನ ಹಣದಲ್ಲಿ 3 ಲಕ್ಷ ಹಂಚದೆ, ಮೂವರೂ ಸಹಿ ಹಾಕಬೇಕಾದ ಒಂದು ಖಾತೆಯಲ್ಲಿ ಆರು ತಿಂಗಳು ಇಡಿ. ಏನೂ ಬರದಿದ್ದರೆ ಒಬ್ಬೊಬ್ಬರಿಗೆ ಒಂದು ಲಕ್ಷ ಮತ್ತು ಅದರ ಬಡ್ಡಿ.